‘ನೀವು ಒಳ್ಳೆಯ ಕೆಲಸ ಮಾಡಿದಿರಿ’: ಹೊಗಳಿಕೆ ಬೈಗುಳದ ಹಾಗೆ ಕೇಳಿಸೋದು ಯಾಕೆ?

ಕರಡುಪ್ರತಿ

ಶುಭಾಶಯ ಕಾರ್ಡುಗಳಿಗೆ ಇಂಗ್ಲಿಷಿನಿಂದ ಕನ್ನಡಕ್ಕೆ ಸಾಲು ಬರೆದುಕೊಡುವ ಕೆಲಸ ನನ್ನದು. ಸದ್ಯ ಕೈಯಲ್ಲಿರುವುದು ನಿವೃತ್ತಿಯ ಕಾರ್ಡು. ಕಿರಿಯ ಸಹೋದ್ಯೋಗಿಗಳೆಲ್ಲ ಸೇರಿ ಹಿರಿಯರೊಬ್ಬರಿಗೆ ಕೊಡುವಂಥದ್ದು. ಇಂಗ್ಲಿಷ್ ಮೂಲದಲ್ಲಿ ಐದು ಸಣ್ಣ ವಾಕ್ಯಗಳಿವೆ, ಓದಿದರೆ ಹಿತವಾಗಿಯೇ ಇದೆ. ನಾನು ಮಾಡಿದ ಕನ್ನಡ ಹೀಗಿದೆ:

1. ನೀವು ಒಳ್ಳೆಯ ಕೆಲಸ ಮಾಡಿದಿರಿ.
2. ನಿಮ್ಮ ಬಗ್ಗೆ ನಮಗೆ ತುಂಬಾ ಹೆಮ್ಮೆ ಇದೆ.
3. ನಿಮ್ಮ ವಯಸ್ಸಿಗೆ ನೀವು ತುಂಬಾ ಚೆನ್ನಾಗಿ ಕಾಣುತ್ತೀರಿ.
4. ನೀವು ಯಾವಾಗಲೂ ಸಂತೋಷವಾಗಿರಲಿ.
5. ಬೆಚ್ಚಗಿನ ಹಾರೈಕೆಗಳೊಂದಿಗೆ.

ಕರಡು ನೋಡಿದವರಲ್ಲಿ ಒಬ್ಬರು ‘ಇದು ಬೀಳ್ಕೊಡುಗೆಯೋ ಛೀಮಾರಿಯೋ’ ಎಂದರು. ಇನ್ನೊಬ್ಬರು ‘ಏನೋ ಸರಿಯಿಲ್ಲ, ಏನು ಅಂತ ಹೇಳೋಕಾಗ್ತಿಲ್ಲ’ ಎಂದರು. ಪದಕ್ಕೆ ಪದ ಹೊಂದಿಸಿ ನೋಡಿದೆ, ಅರ್ಥದಲ್ಲಿ ಒಂದು ತಪ್ಪೂ ಕಾಣಲಿಲ್ಲ. ಹಾಗಾದರೆ ಕೆಟ್ಟಿದ್ದೆಲ್ಲಿ?

ಬಹುವಚನಪ್ರಿಯ

ಗೌರವ ಸಾಲದು, ಅಷ್ಟೇ. ಇಂಗ್ಲಿಷಿನಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ‘ಯೂ’ ಒಂದೇ. ನಮ್ಮಲ್ಲಿ ನೀನು, ನೀವು, ತಾವು ಅಂತ ಮೂರು ಮೆಟ್ಟಿಲಿದೆ. ನಿವೃತ್ತರಾಗುವ ಹಿರಿಯರಿಗೆ ‘ನೀವು’ ಸಾಲದು, ‘ತಾವು’ ಹಾಕಿ. ‘ತಾವು ಒಳ್ಳೆಯ ಕೆಲಸ ಮಾಡಿದಿರಿ.’ ಸರಿಹೋಯಿತು.

ನುಡಿಗಂಟು

ಸರ್ವನಾಮದ ಮೆಟ್ಟಿಲು ಗಮನಿಸಬೇಕಾದ್ದೇ. ಆದರೆ ಈ ಸಾಲನ್ನು ‘ತಾವು’ ಕಾಪಾಡುವುದಿಲ್ಲ, ಇನ್ನಷ್ಟು ಕೆಡಿಸುತ್ತದೆ. ಒಮ್ಮೆ ಗಟ್ಟಿಯಾಗಿ ಓದಿ ನೋಡಿ: ‘ಒಳ್ಳೇ ಕೆಲಸ ಮಾಡಿದ್ರಿ ತಾವು!’ ಯಾರೋ ಕೀಲಿಕೈ ಒಳಗಿಟ್ಟು ಬಾಗಿಲು ಎಳೆದುಕೊಂಡು ಬಂದಾಗ ಅನ್ನುವ ಮಾತಿದು.

ಕನ್ನಡದಲ್ಲಿ ‘ಒಳ್ಳೇ’ ಎನ್ನುವುದು ಕ್ರಿಯೆಯ ಜೊತೆಗೋ ಮನುಷ್ಯರ ಜೊತೆಗೋ ಕೂತರೆ ಅರ್ಧಕ್ಕರ್ಧ ವ್ಯಂಗ್ಯಕ್ಕೇ ಮೀಸಲು. ಒಳ್ಳೇ ಆಸಾಮಿ, ಒಳ್ಳೇ ಕಥೆ, ಒಳ್ಳೇ ಪಜೀತಿ, ‘ಒಳ್ಳೇ ಕೆಲಸ ಮಾಡ್ದೆ ಬಿಡು’. ಇಂಗ್ಲಿಷಿನ ‘ಗುಡ್ ಜಾಬ್’ ಅನ್ನೂ ಕೊಂಕಾಗಿ ಹೇಳಬಹುದು, ನಿಜ. ಆದರೆ ಅಲ್ಲಿ ಕೊಂಕಾಗಬೇಕಾದರೆ ದನಿ ಬದಲಿಸಬೇಕು. ಇಲ್ಲಿ ಮೆಚ್ಚುಗೆಯಾಗಬೇಕಾದರೆ ದನಿ ಬದಲಿಸಬೇಕು. ಕಾರ್ಡಿಗೆ ದನಿಯೇ ಇಲ್ಲವಲ್ಲ. ಅಚ್ಚಾದ ಸಾಲನ್ನು ಓದುವವರು ತಮಗೆ ರೂಢಿಯಿರುವ ದನಿಯಲ್ಲೇ ಓದಿಕೊಳ್ಳುತ್ತಾರೆ.

ಇದಕ್ಕಿಂತ ಆಳದ ತೊಂದರೆ ಇನ್ನೊಂದಿದೆ. ವ್ಯಂಗ್ಯ ತೆಗೆದು ನೇರವಾಗಿಯೇ ಓದಿದರೂ ಆ ವಾಕ್ಯ ಅಂಕ ಕೊಡುವ ವಾಕ್ಯ. ಕೆಲಸ ನೋಡಿ ‘ಚೆನ್ನಾಗಿದೆ’ ಎಂದು ತೀರ್ಪು ಕೊಡುವವರು ಮೇಲಿನವರು. ‘ಶಹಬ್ಬಾಸ್’ ನೋಡಿ. ಪಾರಸಿಯಲ್ಲಿ ಅದು ‘ಶಾದ್ ಬಾಶ್’, ಎಂದರೆ ‘ಸಂತೋಷವಾಗಿರು’ ಎಂಬ ಹರಕೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಹರಕೆ ಹೋಗಿ ಬೆನ್ನು ತಟ್ಟುವ ಮಾತಾಗಿ ಉಳಿಯಿತು. ಅದನ್ನು ಗುರು ಶಿಷ್ಯನಿಗೆ ಹೇಳಬಹುದು. ಶಿಷ್ಯ ಗುರುವಿನ ಕಡೆ ತಿರುಗಿ ‘ಶಹಬ್ಬಾಸ್ ಸರ್’ ಎಂದರೆ ಕ್ಲಾಸೆಲ್ಲ ನಗುತ್ತದೆ.

ಹೌದಲ್ರಿ

ನಮ್ ಕಡಿ ‘ಛಲೋ ಮಾಡಿದ್ರಿ’ ಅಂದ್ರ ಹೊಗಳಿಕೀನ ಆಗ್ತದ್ರಿ, ಕೊಂಕು ಅನಸಂಗಿಲ್ಲ. ಆದ್ರ ‘ಛಲೋ ಆತು’ ಅಂದ್ರ ಎರಡೂ ಆಗ್ತದ. ಒಬ್ಬಂವ ಬಿದ್ದ ಅಂದ್ರೂ ‘ಛಲೋ ಆತು’, ಪಾಸಾದ ಅಂದ್ರೂ ‘ಛಲೋ ಆತು’. ಹಿಂಗಾಗಿ ನೀವು ಹೇಳೂದು ಎಲ್ಲಾ ಕಡಿ ಒಂದ ರೀತಿ ಕೂಡಂಗಿಲ್ಲ ಅನಸ್ತದ.

ನುಡಿಗಂಟು

ಒಪ್ಪಿದೆ ಸಾರ್. ‘ಒಳ್ಳೇದೇ ಆಯ್ತು’ ಎಂಬುದಕ್ಕೂ ಅದೇ ಎರಡು ಮುಖ. ಕಾರ್ಡು ಎಲ್ಲ ಕಡೆಯವರೂ ಓದುವಂಥದ್ದಾದ್ದರಿಂದ ಒಂದು ಕಡೆ ಕೊಂಕಾಗಿ ಕೇಳಿಸುವ ಸಾಲನ್ನು ಬಿಟ್ಟುಬಿಡುವುದೇ ಕ್ಷೇಮ.

ಇದಕ್ಕೆ ಅಂಟಿಕೊಂಡ ಇನ್ನೊಂದು ಸಣ್ಣ ಅಪಾಯ ಕೊನೆಯ ‘ಏ’. ‘ಭಾಷಣ ಚೆನ್ನಾಗಿತ್ತು’ ಎಂದರೆ ಮೆಚ್ಚುಗೆ. ‘ಭಾಷಣ ಚೆನ್ನಾಗೇ ಇತ್ತು’ ಎಂದರೆ ಮುಂದೊಂದು ‘ಆದರೆ’ ಕಾದಿದೆ. ಇಂಗ್ಲಿಷಿನಲ್ಲಿ ಒತ್ತು ಕೊಡಲು ‘ರಿಯಲಿ’ ಹಾಕಿರುತ್ತಾರೆ, ಅನುವಾದಕರು ಆ ಒತ್ತನ್ನು ಉಳಿಸಲು ಹೋಗಿ ಈ ‘ಏ’ ಸೇರಿಸುತ್ತಾರೆ. ಒತ್ತು ಬರುವ ಬದಲು ಅನುಮಾನ ಬರುತ್ತದೆ.

ಅಚ್ಚಗನ್ನಡಿಗ

ಎಲ್ಲರೂ ಮುಖ್ಯ ವಿಷಯ ಬಿಟ್ಟು ಮಾತಾಡ್ತಿದ್ದೀರಿ. ಸಂತೋಷ, ವಯಸ್ಸು ಇವೆಲ್ಲ ಸಂಸ್ಕೃತದಿಂದ ಬಂದವು, ಅದಕ್ಕೇ ಸಾಲುಗಳು ಒಣಕಲಾಗಿ ಕೇಳಿಸುತ್ತಿವೆ. ‘ನಲಿವು’, ‘ಹರೆಯ’ ಅಂತ ನಮ್ಮ ನುಡಿಗಳನ್ನೇ ಬಳಸಿ. ಎಲ್ಲ ಸರಿಹೋಗುತ್ತದೆ.

ಕರಡುಪ್ರತಿ

ಹರೆಯ ಅಂದರೆ ಯೌವನ ಅಲ್ವಾ ಸರ್? ಅರವತ್ತು ವರ್ಷದವರಿಗೆ ‘ನಿಮ್ಮ ಹರೆಯಕ್ಕೆ ಚೆನ್ನಾಗಿ ಕಾಣುತ್ತೀರಿ’ ಅಂತ ಹಾಕಿದರೆ ಬೇರೆಯದೇ ಗಲಾಟೆ ಆಗುತ್ತೆ. ನನ್ನ ಪ್ರಶ್ನೆ ಪದ ಎಲ್ಲಿಂದ ಬಂತು ಅನ್ನುವುದಲ್ಲ. ಪದ ಸರಿಯಿದ್ದೂ ಮಾತು ಯಾಕೆ ಕೆಟ್ಟಿತು ಅನ್ನುವುದು.

ನೇರಮಾತು

ಎರಡನೇ ಸಾಲಿನಲ್ಲಿ ನನಗೇನೂ ತಪ್ಪು ಕಾಣುತ್ತಿಲ್ಲ. ‘ನಮ್ಮಪ್ಪನ ಬಗ್ಗೆ ನನಗೆ ಹೆಮ್ಮೆ’ ಅಂತ ಮಕ್ಕಳು ಹೇಳುವುದಿಲ್ಲವೇ? ಹೆಮ್ಮೆ ಕಿರಿಯರಿಗೂ ಇರಬಹುದು. ನೀವೆಲ್ಲ ಕೂದಲು ಸೀಳುತ್ತಿದ್ದೀರಿ.

ನುಡಿಗಂಟು

ಒಳ್ಳೆಯ ಉದಾಹರಣೆ ಕೊಟ್ಟಿರಿ (ಇದು ಕೊಂಕಲ್ಲ!). ಆ ಮಾತನ್ನು ಮಗ ಯಾರ ಮುಂದೆ ಹೇಳುತ್ತಾನೆ ನೋಡಿ. ಗೆಳೆಯರ ಮುಂದೆ, ವೇದಿಕೆಯ ಮೇಲೆ, ಪ್ರಬಂಧದಲ್ಲಿ. ಅಪ್ಪ ಅಲ್ಲಿ ‘ಅವರು’. ಅದೇ ಮಗ ಅಪ್ಪನ ಎದುರಿಗೆ ನಿಂತು ‘ನಿಮ್ಮ ಬಗ್ಗೆ ನನಗೆ ಹೆಮ್ಮೆ ಇದೆ’ ಎಂದರೆ ಸಿನಿಮಾ ಡಬ್ಬಿಂಗ್ ಮಾತಿನ ಹಾಗಾಗುತ್ತದೆ. ಎದುರಿಗಿರುವವರಿಗೇ ನೇರವಾಗಿ ಹೇಳುವ ‘ಹೆಮ್ಮೆ’ ಬೆಳೆಸಿದವರಿಂದ ಬೆಳೆದವರ ಕಡೆಗೆ ಹರಿಯುತ್ತದೆ. ನಾನು ಕೈಹಿಡಿದು ನಡೆಸಿದೆ, ನೀನು ಇಷ್ಟು ದೂರ ಬಂದೆ, ಅದಕ್ಕೆ ನನಗೆ ಹೆಮ್ಮೆ. ಅದರೊಳಗೆ ‘ನಿನ್ನ ಗೆಲುವಿನಲ್ಲಿ ನನ್ನ ಪಾಲಿದೆ’ ಎಂಬ ಹಕ್ಕಿನ ಮಾತು ಅಡಗಿದೆ. ಮೂವತ್ತು ವರ್ಷ ಕೆಲಸ ಮಾಡಿದವರಿಗೆ ಮೂರು ವರ್ಷದ ಹಿಂದೆ ಸೇರಿದವರು ಇದನ್ನು ಹೇಳಿದರೆ ಅಳತೆ ತಪ್ಪುತ್ತದೆ.

ಆದರೆ ಹೆಮ್ಮೆಯನ್ನು ಕಾರ್ಡಿನಿಂದ ಕಿತ್ತು ಬಿಸಾಡಬೇಕಾಗಿಲ್ಲ, ತಿರುಗಿಸಿದರೆ ಸಾಕು. ‘ನಿಮ್ಮ ಜೊತೆ ಕೆಲಸ ಮಾಡಿದೆವು ಎಂಬುದೇ ನಮಗೆ ಹೆಮ್ಮೆ.’ ಈಗ ಹೆಮ್ಮೆಯ ವಿಷಯ ಅವರ ಸಾಧನೆಯಲ್ಲ, ನಮ್ಮ ಅದೃಷ್ಟ. ಭಾವ ಅಷ್ಟೇ, ಮಾತು ಅಷ್ಟೇ ಉದ್ದ, ನಾವು ಮಾತ್ರ ಒಂದು ಮೆಟ್ಟಿಲು ಕೆಳಗಿಳಿದೆವು.

ಮೊದಲ ಸಾಲಿಗೂ ಇದೇ ಔಷಧ. ‘ನೀವು ಮಾಡಿದ ಕೆಲಸ ನಮಗೆ ಮೇಲ್ಪಂಕ್ತಿ.’ ಅಂಕ ಕೊಡುತ್ತಿಲ್ಲ, ಪಾಠ ಹೇಳಿಸಿಕೊಳ್ಳುತ್ತಿದ್ದೇವೆ.

ನೇರಮಾತು

ಎದುರಿಗೆ ಮತ್ತು ಹಿಂದೆ ಅನ್ನುವ ವ್ಯತ್ಯಾಸ ಹೊಳೆದಿರಲಿಲ್ಲ. ಅಷ್ಟರಮಟ್ಟಿಗೆ ಸೋತೆ. ಆದರೆ ಈಗಿನ ಹುಡುಗರು ಎದುರಿಗೇ ಹೇಳುತ್ತಾರೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಇನ್ನು ಹತ್ತು ವರ್ಷಕ್ಕೆ ಇದೇ ಕನ್ನಡ ಆಗಿರುತ್ತದೆ.

ನುಡಿಗಂಟು

ಆಗಬಹುದು. ಆದರೆ ಈ ಕಾರ್ಡು ಓದುವವರು ಈಗಿನ ಹುಡುಗರಲ್ಲ.

ಅಡಿಸಾಲು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಅಡಿಬರಹದ ಕೆಲಸ, ನನ್ನ ತಲೆನೋವೂ ಇದೇ ಜಾತಿಯದು. ಲೆಬನಾನಿನ ಅರಬ್ಬಿಯಲ್ಲಿ ತಾಯಿ ಮಗುವನ್ನು ಮುದ್ದಿಸುತ್ತ ‘ತೊಬುರ್ನಿ’ ಅನ್ನುತ್ತಾಳೆ. ಅಕ್ಷರಶಃ ‘ನೀನು ನನ್ನನ್ನು ಹೂಳು’ ಅಂತ. ನೀನು ನನಗಿಂತ ಹೆಚ್ಚು ಕಾಲ ಬದುಕು, ನಿನ್ನ ಸಾವು ನನ್ನ ಕಣ್ಣಿಗೆ ಬೀಳದಿರಲಿ ಎಂಬ ಹಾರೈಕೆ. ಕನ್ನಡದಲ್ಲಿ ‘ನನ್ನನ್ನು ಮಣ್ಣು ಮಾಡು ಕಂದಾ’ ಎಂದು ಹಾಕಿದರೆ ಪ್ರೇಕ್ಷಕರು ಗಾಬರಿಯಾಗುತ್ತಾರೆ. ಸಿಗುವುದು ಎರಡು ಸೆಕೆಂಡು, ಒಂದು ಸಾಲು. ವಿವರಣೆಗೆ ಜಾಗವಿಲ್ಲ.

ನುಡಿಗಂಟು

‘ನನ್ನ ಆಯಸ್ಸೂ ನಿನಗೇ ಬರಲಿ.’

ಅಡಿಸಾಲು

ಅಯ್ಯೋ, ಇದು ಹೊಳೆಯಲೇ ಇಲ್ಲವಲ್ಲ! ಇದರಲ್ಲೂ ಹೇಳುವವಳು ತನ್ನ ಸಾವನ್ನೇ ಕಾಣಿಕೆಯಾಗಿ ಕೊಡುತ್ತಿದ್ದಾಳೆ, ಆದರೆ ಕನ್ನಡದ ಕಿವಿಗೆ ಒಂದಿಷ್ಟೂ ಒರಟಾಗಿಲ್ಲ.

ಒಂದು ಕಷ್ಟ ಮಾತ್ರ ಉಳಿಯಿತು. ಆ ಪದವನ್ನು ದಿನಕ್ಕೆ ಹತ್ತು ಸಲ, ‘ಚಿನ್ನ, ಬಂಗಾರ’ ಅನ್ನುವ ಹಾಗೆ ಹಗುರವಾಗಿಯೂ ಬಳಸುತ್ತಾರೆ. ಪ್ರತಿಸಲವೂ ‘ಆಯಸ್ಸು’ ಎಂದರೆ ಆ ತಾಯಿ ನಾಟಕದವಳಂತೆ ಕಾಣುತ್ತಾಳೆ.

ನುಡಿಗಂಟು

ಹಗುರವಾಗಿ ಬಂದ ಕಡೆ ‘ನನ್ನ ಬಂಗಾರ’ ಸಾಕು. ಕಣ್ಣು ತುಂಬಿ ಬಂದ ಕಡೆ ಆಯಸ್ಸು. ಒಂದು ಪದಕ್ಕೆ ಒಂದೇ ಪದ ಇರಬೇಕು ಎಂಬ ಕಟ್ಟಳೆ ಹರಕೆಗಳ ವಿಷಯದಲ್ಲಿ ನಡೆಯುವುದಿಲ್ಲ. ಮುಂದೆ ಕಥೆಯಲ್ಲಿ ನಿಜವಾಗಿ ಹೂಳುವ ದೃಶ್ಯ ಬಂದು, ಆ ಮಾತು ತಿರುಗಿ ಚುಚ್ಚುವಂತಿದ್ದರೆ ಮಾತ್ರ ಈ ಉಪಾಯ ಕೈಕೊಡುತ್ತದೆ. ಆಗ ಎಲ್ಲೋ ಒಂದು ಕಡೆ ‘ಹೂಳು’ ಎಂಬ ಮಾತನ್ನು ಉಳಿಸಿಕೊಳ್ಳಲೇಬೇಕು.

ಅಡಿಸಾಲು

ಬರುತ್ತೆ. ಕೊನೆಯ ದೃಶ್ಯವೇ ಅದು. ಮತ್ತೆ ಮೊದಲಿನಿಂದ ಯೋಚಿಸಬೇಕು.

ಕರಡುಪ್ರತಿ

ನನ್ನ ಮೂರನೇ ಸಾಲಿಗೆ ಬರೋಣವೇ?

ಹೌದಲ್ರಿ

ಅದು ತಗದ ಬಿಡ್ರಿ. ವಯಸ್ಸಿನ ಸುದ್ದಿ ಯಾಕ ಬೇಕು.

ನುಡಿಗಂಟು

ಆಫೀಸಿನವರು ಕೊಡುವ ಕಾರ್ಡಿನಲ್ಲಿ ತೆಗೆಯುವುದೇ ವಾಸಿ. ಆದರೆ ಏಕೆ ಕೆಟ್ಟಿತು ಎಂದು ತಿಳಿದುಕೊಂಡರೆ ಬೇರೆ ಕಡೆ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಕಿತಾಪತಿ ಮಾಡುತ್ತಿರುವುದು ‘ವಯಸ್ಸಿಗೆ’ ಎಂಬುದರ ‘ಗೆ’. ‘ಕೊಟ್ಟ ದುಡ್ಡಿಗೆ ಪರವಾಗಿಲ್ಲ’, ‘ಹೊಸಬನಿಗೆ ಇಷ್ಟು ಸಾಕು’ ಎನ್ನುವಾಗ ಬರುವ ‘ಗೆ’ ಇದು. ಮೊದಲು ಅಳತೆ ಕಡಿಮೆ ಮಾಡಿ ಆಮೇಲೆ ಪಾಸು ಮಾಡುವ ‘ಗೆ’. ಇಂಗ್ಲಿಷಿನ ಮೂಲದಲ್ಲೂ ಆ ಚುಚ್ಚು ಸ್ವಲ್ಪ ಇದೆ, ಅಲ್ಲಿಯೂ ಜಾಣರು ಆ ಮಾತನ್ನು ಎಚ್ಚರದಿಂದಲೇ ಬಳಸುತ್ತಾರೆ. ಕನ್ನಡದಲ್ಲಿ ‘ಕಾಣುತ್ತೀರಿ’ ಸೇರಿ ಇನ್ನೊಂದು ತೂಕ ಬಿತ್ತು: ಕಾಣುತ್ತೀರಿ ಅಷ್ಟೇ, ಇದ್ದೀರೋ ಇಲ್ಲವೋ ಗೊತ್ತಿಲ್ಲ.

ಕನ್ನಡದವರು ಇದೇ ಮೆಚ್ಚುಗೆಯನ್ನು ವಯಸ್ಸನ್ನು ಅಳತೆಗೋಲು ಮಾಡದೆ, ವಯಸ್ಸನ್ನೇ ಮಾಯ ಮಾಡಿ ಹೇಳುತ್ತಾರೆ: ‘ವಯಸ್ಸೇ ಗೊತ್ತಾಗಲ್ಲ’, ‘ರಿಟೈರ್ ಆಗ್ತಿದ್ದಾರೆ ಅಂದ್ರೆ ಯಾರೂ ನಂಬಲ್ಲ’.

‘ಇಂದು ನೀವು ಚೆನ್ನಾಗಿ ಕಾಣುತ್ತಿದ್ದೀರಿ’ ಎಂಬ ಅನುವಾದವೂ ಹೀಗೆಯೇ ಕೆಡುತ್ತದೆ. ಇಂಗ್ಲಿಷಿನಲ್ಲಿ ‘ಟುಡೇ’ ವಾಕ್ಯದ ಬಾಲದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಕನ್ನಡದಲ್ಲಿ ಅದನ್ನು ತಂದು ತಲೆಬಾಗಿಲಲ್ಲಿ ಕೂರಿಸಿದರೆ ‘ನಿನ್ನೆ ಮೊನ್ನೆ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆ ಪದ ಬಿಟ್ಟುಬಿಡಿ, ಇಲ್ಲವೇ ಹೊಗಳಿಕೆಯನ್ನು ವಸ್ತುವಿನ ಮೇಲೆ ಹೊರಿಸಿ. ‘ಈ ಬಣ್ಣ ನಿಮಗೆ ಒಪ್ಪುತ್ತೆ’ ಎಂದರೆ ಕೇಳುವವರಿಗೂ ಸಂಕೋಚವಿಲ್ಲ.

ಬಹುವಚನಪ್ರಿಯ

ನಾಲ್ಕನೆಯದರಲ್ಲಿ ಏನೂ ತಪ್ಪಿಲ್ಲ ಅಲ್ವಾ? ‘ಮೇ ಯೂ ಆಲ್ವೇಸ್ ಬಿ ಹ್ಯಾಪಿ’ಗೆ ‘ನೀವು ಯಾವಾಗಲೂ ಸಂತೋಷವಾಗಿರಲಿ’. ‘ಮೇ’ ಅಂದರೆ ‘ಅಲಿ’. ಸರಿಯಾಗಿಯೇ ಇದೆ.

ನುಡಿಗಂಟು

ಐದರಲ್ಲಿ ನಿಜವಾದ ವ್ಯಾಕರಣದ ತಪ್ಪು ಇರುವುದು ಅದೊಂದರಲ್ಲೇ! ‘ಅಲಿ’ ಪ್ರತ್ಯಯ ‘ನೀವು’ ಜೊತೆ ಸಂಸಾರ ಮಾಡುವುದಿಲ್ಲ. ಅವರು ಬರಲಿ, ಮಳೆ ಬರಲಿ, ಒಳ್ಳೆಯದಾಗಲಿ, ಎಲ್ಲ ಸರಿ. ‘ನಾನು ಬರಲೇ?’ ಎಂದು ಕೇಳುವುದೂ ಸರಿ. ‘ನೀವು ಬರಲಿ’ ಎಂದು ಹೇಳಿ ನೋಡಿ, ನಾಲಿಗೆ ತಡೆಯುತ್ತದೆ. ‘ನೀವು ಬನ್ನಿ’ ಎನ್ನುತ್ತೇವೆ. ‘ನೀವು’ ಎಂದ ಮೇಲೆ ಕ್ರಿಯೆ ಆಜ್ಞೆಯ ರೂಪಕ್ಕೇ ಹೋಗಬೇಕು: ‘ನೀವು ಸಂತೋಷವಾಗಿರಿ’.

ಇಲ್ಲಿಯೇ ಗಂಟು. ಆಜ್ಞೆಯ ರೂಪದಲ್ಲಿ ಹರಸುವವರು ಹಿರಿಯರು. ‘ನೂರ್ಕಾಲ ಬಾಳು’, ‘ಸುಖವಾಗಿರಿ’, ‘ದೊಡ್ಡವಳಾಗಮ್ಮ’. ತಲೆಯ ಮೇಲೆ ಕೈಯಿಟ್ಟು ಹೇಳುವ ಮಾತುಗಳಿವು. ಕಿರಿಯರು ಅದೇ ರೂಪ ಬಳಸಿದರೆ ಹಿರಿಯರ ತಲೆಗೆ ಕೈ ಚಾಚಿದಂತಾಗುತ್ತದೆ. ಹೀಗೆ ಅನುವಾದಕರಿಗೆ ಎರಡೂ ಕಡೆ ಬಾಗಿಲು ಮುಚ್ಚಿದೆ. ‘ನೀವು ಇರಲಿ’ ವ್ಯಾಕರಣಕ್ಕೆ ಒಗ್ಗದು, ‘ನೀವು ಇರಿ’ ಸಂಬಂಧಕ್ಕೆ ಒಗ್ಗದು.

ಹೊರಬರಲು ಕನ್ನಡ ಮಾಡಿಕೊಂಡಿರುವ ದಾರಿ ಬಹಳ ಸರಳ. ಕರ್ತೃವನ್ನೇ ಬದಲಿಸುವುದು. ‘ನೀವು’ ಎಂಬುದನ್ನು ‘ನಿಮ್ಮ’ ಮಾಡಿ, ಇನ್ನೊಂದನ್ನು ತಂದು ಅದರ ಜಾಗದಲ್ಲಿ ನಿಲ್ಲಿಸಿ. ‘ನಿಮ್ಮ ಮುಂದಿನ ದಿನಗಳು ನೆಮ್ಮದಿಯಾಗಿರಲಿ.’ ದಿನಗಳಿಗೆ ‘ಅಲಿ’ ಹಚ್ಚಬಹುದು, ದಿನಗಳ ತಲೆಯ ಮೇಲೆ ಕೈಯಿಟ್ಟರೆ ಯಾರಿಗೂ ಅಗೌರವವಿಲ್ಲ. ‘ನೀವು’ ಉಳಿಯಲೇಬೇಕು ಎಂದಾದರೆ ‘ನೀವು ನೂರ್ಕಾಲ ಬಾಳುವಂತಾಗಲಿ’ ಎನ್ನಬಹುದು. ಅಲ್ಲಿ ‘ಅಲಿ’ ಹತ್ತಿದ್ದು ‘ಆಗು’ ಎಂಬುದಕ್ಕೆ, ನಿಮಗಲ್ಲ.

ಬಹುವಚನಪ್ರಿಯ

‘ನೀನಾಗಲಿ ಅವನಾಗಲಿ ಬನ್ನಿ’ ಅಂತೀವಲ್ಲ? ‘ನೀನು’ ಜೊತೆ ‘ಆಗಲಿ’ ಬಂತಲ್ಲ?

ನುಡಿಗಂಟು

ಅದು ಹಾರೈಕೆಯಲ್ಲ, ಇಬ್ಬರಲ್ಲಿ ಯಾರಾದರೂ ಸರಿ ಎನ್ನುವ ಮಾತು. ‘ಇದಾಗಲಿ ಅದಾಗಲಿ’ ಎಂಬಂತೆ ಅಲ್ಲಿ ‘ಆಗಲಿ’ ಕೊಂಡಿಯಷ್ಟೇ. ಅದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ.

ಬಹುವಚನಪ್ರಿಯ

ಸರಿ. ಆದರೆ ‘ತಾವು ಸುಖವಾಗಿರಲಿ’ ಎಂಬುದನ್ನು ಆಮಂತ್ರಣ, ಅಭಿನಂದನ ಪತ್ರಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ‘ತಾವು’ ಮೂಲದಲ್ಲಿ ‘ಅವರು ತಾವೇ’ ಎಂಬ ಪ್ರಥಮ ಪುರುಷದ ಪದ ತಾನೇ? ಹಾಗಾದರೆ ಅದಕ್ಕೆ ‘ಅಲಿ’ ಹತ್ತಬಹುದಲ್ಲ.

ನುಡಿಗಂಟು

ಇದು ಗಟ್ಟಿ ಪ್ರಶ್ನೆ. ‘ತಾನು, ತಾವು’ ಪ್ರಥಮ ಪುರುಷಕ್ಕೆ ಸೇರಿದ್ದು ಹೌದು. ಆದರೆ ಎದುರಿಗಿರುವವರಿಗೆ ಹೇಳುವಾಗ ಕ್ರಿಯೆ ‘ತಾವು ಬಂದಿರಿ’ ಎಂದಾಗುತ್ತದೆಯೇ ಹೊರತು ‘ತಾವು ಬಂದರು’ ಎಂದಲ್ಲ. ಹಾಗಾಗಿ ನನ್ನ ಕಿವಿಗೆ ‘ತಾವು ಇರಲಿ’ ಕೂಡ ಒಗ್ಗದು. ಬಳಕೆಯಲ್ಲಿ ಬಂದಿದೆ ಎನ್ನುವ ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ.

‘ಇರಲಿ’ ಬಗ್ಗೆ ಇನ್ನೊಂದು ಎಚ್ಚರಿಕೆ. ಹರಸುವ ‘ಅಲಿ’ಯೇ ಕೈಬಿಡುವ ‘ಅಲಿ’ ಕೂಡ. ಹೋಗಲಿ ಬಿಡು, ಆಗಲಿ ನೋಡೋಣ, ಇರಲಿ ಬಿಡಿ. ಇಂಗ್ಲಿಷಿನ ಬೀಳ್ಕೊಡುಗೆ ಕಾರ್ಡುಗಳಲ್ಲಿ ‘ನೀವೆಲ್ಲೇ ಇರಿ, ಒಳಿತಾಗಲಿ’ ಎಂಬ ಅರ್ಥದ ಸಾಲು ಇದ್ದೇ ಇರುತ್ತದೆ. ಅದು ಕನ್ನಡಕ್ಕೆ ಬಂದಾಗ ‘ಎಲ್ಲಿದ್ದರೂ ಚೆನ್ನಾಗಿರಲಿ’ ಆಗುತ್ತದೆ. ನಮ್ಮಲ್ಲಿ ಆ ಮಾತು ಮನಸ್ಸು ಮುರಿದುಕೊಂಡು ಹೋದವರ ಬಗ್ಗೆ ನಿಟ್ಟುಸಿರು ಬಿಟ್ಟು ಹೇಳುವಂಥದ್ದು. ‘ದೇವರು ನಿಮಗೆ ಒಳ್ಳೇದು ಮಾಡ್ಲಿ’ ಎಂಬುದೂ ಅಷ್ಟೇ. ಸಹಾಯ ಪಡೆದವರು ಕೈಮುಗಿದು ಹೇಳಿದರೆ ಹರಕೆ, ಮೋಸ ಹೋದವರು ಜಗಳದ ಕೊನೆಗೆ ಹೇಳಿದರೆ ಶಾಪಕ್ಕಿಂತ ಒಂದು ಕೈ ಮೇಲು.

ಅಡಿಸಾಲು

ಪಾರಸಿಯಲ್ಲಿ ಯಾರಾದರೂ ಏನಾದರೂ ಮಾಡಿಕೊಟ್ಟಾಗ ‘ದಸ್ತೆತ್ ದರ್ದ್ ನಕೊನೆ’ ಅನ್ನುತ್ತಾರೆ. ‘ನಿನ್ನ ಕೈ ನೋಯದಿರಲಿ’ ಅಂತ. ನಾವು ‘ಥ್ಯಾಂಕ್ಸ್’ ಅನ್ನುವ ಜಾಗ. ಅದನ್ನು ಹಾಗೇ ಕನ್ನಡಕ್ಕೆ ತಂದರೆ ‘ಕೈ ಮುರಿದೀನು ಹುಷಾರ್’ ಅನ್ನುವುದಕ್ಕೆ ಪೀಠಿಕೆ ಹಾಕಿದಂತಿರುತ್ತದೆ. ಇನ್ನೂ ತಮಾಷೆ ಅಂದರೆ ಅದಕ್ಕೆ ಸಿದ್ಧ ಉತ್ತರವೂ ಇದೆ, ‘ನಿನ್ನ ತಲೆ ನೋಯದಿರಲಿ’. ಮೊದಲಿನದನ್ನು ಒಂದು ರೀತಿ, ಎರಡನೆಯದನ್ನು ಇನ್ನೊಂದು ರೀತಿ ಅನುವಾದಿಸಿದರೆ ಜೋಡಿ ತಪ್ಪುತ್ತದೆ. ನಾನು ‘ಪುಣ್ಯ ಬರಲಿ ನಿಮಗೆ’, ‘ನಿಮಗೂ ಅಷ್ಟೇ’ ಅಂತ ಮಾಡಿದೆ. ಕೈಯೂ ಹೋಯಿತು ತಲೆಯೂ ಹೋಯಿತು, ಮಾತುಕತೆ ಉಳಿಯಿತು.

ನುಡಿಗಂಟು

ಸರಿಯಾಗಿ ಹಿಡಿದಿರಿ. ಹರಕೆ ಒಂಟಿ ವಾಕ್ಯವಲ್ಲ, ಉತ್ತರದ ಜೊತೆ ಬರುವ ಜೋಡಿ. ಒಂದು ಸಾಲನ್ನು ಪರೀಕ್ಷಿಸಬೇಕಾದರೆ ಕೇಳಿಸಿಕೊಂಡವರು ಏನು ಹೇಳಿಯಾರು ಎಂದು ಊಹಿಸಿ. ‘ನಿಮ್ಮ ಬಗ್ಗೆ ನಮಗೆ ಹೆಮ್ಮೆ ಇದೆ’ ಎಂದರೆ ಆ ಹಿರಿಯರು ಏನು ಹೇಳಬೇಕು? ‘ಹೂಂ’? ‘ಧನ್ಯವಾದ’? ಅವರ ಬಾಯಿಗೆ ಉತ್ತರ ಸಿಗದಂತೆ ಮಾಡುವ ಹೊಗಳಿಕೆ ಎಲ್ಲೋ ಎಡವಿದೆ. ‘ನಿಮ್ಮಿಂದ ಕಲಿತದ್ದು ಬಹಳ’ ಎಂದರೆ ‘ಅಯ್ಯೋ, ನಾನೇನು ಕಲಿಸಿದೆ, ನೀವೇ ಜಾಣರು’ ಎಂಬ ಉತ್ತರ ಸಿದ್ಧವಾಗಿದೆ.

ಇನ್ನೆರಡು ಪರೀಕ್ಷೆ ನಾನು ಬಳಸುವುದು. ಸಾಲನ್ನು ಒಮ್ಮೆ ಸಿಟ್ಟಿನ ದನಿಯಲ್ಲಿ ಓದುತ್ತೇನೆ. ಸಲೀಸಾಗಿ ಬೈಗುಳವಾಗಿಬಿಟ್ಟರೆ ಅದು ಅಚ್ಚಿಗೆ ಯೋಗ್ಯವಲ್ಲ. ಆಮೇಲೆ ಹೇಳುವವರನ್ನೂ ಕೇಳುವವರನ್ನೂ ಅದಲುಬದಲು ಮಾಡುತ್ತೇನೆ. ಹಿರಿಯರ ಬಾಯಲ್ಲೇ ಹೆಚ್ಚು ಸಹಜವಾಗಿ ಕೇಳಿಸಿದರೆ ಕಿರಿಯರ ಕಾರ್ಡಿಗೆ ಬೇಡ. ನಿಮ್ಮ ಮೊದಲ ಸಾಲು ಎರಡರಲ್ಲೂ ಫೇಲು.

ಹೌದಲ್ರಿ

ಐದನೇದ್ದು ‘ಬೆಚ್ಚಗಿನ ಹಾರೈಕೆ’ ಅಂತೈತಲ್ಲ, ಹಾರೈಕಿಗೆ ಕಂಬಳಿ ಹೊಚ್ಚಿದಂಗಾತು ನೋಡ್ರಿ!

ನುಡಿಗಂಟು

ಇಂಗ್ಲಿಷ್ ಹುಟ್ಟಿದ್ದು ಚಳಿಯ ನಾಡಿನಲ್ಲಿ, ಅಲ್ಲಿ ಬೆಚ್ಚಗಿದ್ದದ್ದೆಲ್ಲ ಪ್ರೀತಿ, ತಣ್ಣಗಿದ್ದದ್ದೆಲ್ಲ ತಾತ್ಸಾರ. ಕನ್ನಡದಲ್ಲಿ ತಂಪೇ ಹರಕೆ, ಬಿಸಿ ಶಿಕ್ಷೆ. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತೇವೆ. ಹೊಟ್ಟೆ ಉರಿದರೆ ಅಸೂಯೆ. ಯಾರಿಗಾದರೂ ಬುದ್ಧಿ ಕಲಿಸಬೇಕೆಂದರೆ ‘ಬಿಸಿ ಮುಟ್ಟಿಸು’ತ್ತೇವೆ. ಆ ಹೊಟ್ಟೆಯ ಮಾತನ್ನು ಯಾರಾದರೂ ಪದಶಃ ಇಂಗ್ಲಿಷಿಗೆ ಒಯ್ದರೆ ಓದಿದವರು ಡಾಕ್ಟರನ್ನು ಕರೆಯುತ್ತಾರೆ. ಹೊಟ್ಟೆ ಅಲ್ಲಿ ಹಾರೈಕೆಗೆ ಬರುವ ಅಂಗವೇ ಅಲ್ಲ, ತಣ್ಣಗಿರುವುದು ಒಳ್ಳೆಯ ಲಕ್ಷಣವೂ ಅಲ್ಲ.

ಐದನೇ ಸಾಲಿಗೆ ‘ಆತ್ಮೀಯ’ ಅಥವಾ ‘ಹಾರ್ದಿಕ’ ಸಾಕು. ಸ್ವಲ್ಪ ಸವೆದ ಪದಗಳು, ಆದರೆ ಕಾರ್ಡಿನ ಕೊನೆಯ ಸಾಲಿನಲ್ಲಿ ಸವೆದ ಪದವೇ ವಾಸಿ.

ನೇರಮಾತು

ತಂಪು-ಬಿಸಿ ಸಿದ್ಧಾಂತ ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ‘ಬೆಚ್ಚನೆಯ ಮನೆ’ ಅಂತ ನಾವೂ ಹೇಳುತ್ತೇವೆ. ‘ತಣ್ಣಗಾದ’ ಅಂದರೆ ಸತ್ತ ಅಂತಲೂ ಆಗುತ್ತದೆ. ಹವೆ ನೋಡಿ ಭಾಷೆಗೆ ಜಾತಕ ಬರೆಯಬೇಡಿ.

ನುಡಿಗಂಟು

ಮಾತು ಹಿಂದಕ್ಕೆ ತೆಗೆದುಕೊಂಡೆ, ಹವೆಯ ಮಟ್ಟಿಗೆ. ಮನೆ ಬೆಚ್ಚಗಿರಬಹುದು, ಹಾರೈಕೆ ಮಾತ್ರ ಬೆಚ್ಚಗಿರುವ ರೂಢಿಯಿಲ್ಲ ಎಂದಷ್ಟೇ ಇಟ್ಟುಕೊಳ್ಳೋಣ.

ಕರಡುಪ್ರತಿ

ಇಷ್ಟೂ ಕೇಳಿಸಿಕೊಂಡು ಮತ್ತೆ ಬರೆದೆ:

ನೀವು ಮಾಡಿದ ಕೆಲಸ ನಮಗೆ ಮೇಲ್ಪಂಕ್ತಿ.
ನಿಮ್ಮ ಜೊತೆ ಕೆಲಸ ಮಾಡಿದೆವು ಎಂಬುದೇ ನಮಗೆ ಹೆಮ್ಮೆ.
ನಿಮ್ಮ ಮುಂದಿನ ದಿನಗಳು ನೆಮ್ಮದಿಯಾಗಿರಲೆಂದು ಹರಸುತ್ತೇವೆ.
ಆತ್ಮೀಯ ಶುಭಾಶಯಗಳೊಂದಿಗೆ.

ಹೌದಲ್ರಿ

‘ಹರಸುತ್ತೇವೆ’ ಅಂದ್ರ ನೀವ ಆಶೀರ್ವಾದ ಮಾಡಿದಂಗಾತಲ್ರಿ. ‘ಹಾರೈಸುತ್ತೇವೆ’ ಮಾಡ್ರಿ.

ನುಡಿಗಂಟು

ಹೌದು. ಎರಡು ಪದಗಳು ಒಂದರ ಪಕ್ಕ ಒಂದು ಇರುವುದರಿಂದ ಕೈತಪ್ಪಿ ಬರುತ್ತದೆ. ಅಚ್ಚಾದ ಕಾರ್ಡುಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪೂ ಇದೇ. ಹರಸುವುದು ಮೇಲಿನಿಂದ ಕೆಳಗೆ. ಹಾರೈಸುವುದು ಯಾರು ಯಾರಿಗೆ ಬೇಕಾದರೂ. ತಮಿಳರು ಈ ಇಕ್ಕಟ್ಟಿಗೆ ಒಂದು ಸಿದ್ಧ ಮಾತೇ ಮಾಡಿಕೊಂಡಿದ್ದಾರೆ: ‘ವಾಳ್ತ ವಯದಿಲ್ಲೈ, ವಣಂಗುಗಿರೇನ್’. ಹರಸುವಷ್ಟು ವಯಸ್ಸು ನನಗಿಲ್ಲ, ನಮಸ್ಕರಿಸುತ್ತೇನೆ ಅಂತ.

ಬಹುವಚನಪ್ರಿಯ

ಹಾರೈಸುವುದರಲ್ಲೂ ಸ್ವಲ್ಪ ಹಿರಿತನ ಇದೆ ಅಂತ ನನ್ನ ಅಭಿಪ್ರಾಯ. ‘ಕೋರುತ್ತೇವೆ’ ಹಾಕಿ, ಕೋರುವುದು ಕೇಳಿಕೊಂಡಂತೆ.

ನೇರಮಾತು

‘ಕೋರುತ್ತೇವೆ’ ಅಂದರೆ ಅರ್ಜಿ ಬರೆದ ಹಾಗಿರುತ್ತದೆ. ‘ಈ ಮೂಲಕ ಕೋರುತ್ತೇವೆ’ ಅಂತ ರುಜು ಹಾಕಬೇಕು ಅನ್ನಿಸುತ್ತೆ.

ನುಡಿಗಂಟು

‘ನೆಮ್ಮದಿಯಾಗಿರಲಿ’ ಎಂದು ಅಲ್ಲಿಗೇ ನಿಲ್ಲಿಸಿದರೆ ಮೂರೂ ಬೇಡ.

ಅಡಿಸಾಲು

ಒಂದು ಅನುಮಾನ. ಈ ಕಾರ್ಡಿಗೆ ಸಹಿ ಹಾಕುವವರಲ್ಲಿ ಅವರಿಗಿಂತ ಹಿರಿಯರು, ಅವರ ಮೇಲಧಿಕಾರಿ ಯಾರಾದರೂ ಇದ್ದರೆ? ಆ ಬಾಯಲ್ಲಿ ‘ನೀವು ಮಾಡಿದ ಕೆಲಸ ನಮಗೆ ಮೇಲ್ಪಂಕ್ತಿ’ ಅನ್ನುವುದು ಬೇರೆಯೇ ರೀತಿ ಕೇಳಿಸೀತು.

ಕರಡುಪ್ರತಿ

ಅದನ್ನು ಯೋಚಿಸಿರಲಿಲ್ಲ. ಇಂಗ್ಲಿಷಿನಲ್ಲಿ ಒಂದೇ ಕಾರ್ಡು ಎಲ್ಲರಿಗೂ ಸಲ್ಲುತ್ತಿತ್ತು. ಮುದ್ರಕರನ್ನು ಕೇಳಿ, ಮೊದಲ ಸಾಲು ಮಾತ್ರ ಬೇರೆಯಾಗಿರುವ ಇನ್ನೊಂದು ಕಾರ್ಡು ಮಾಡಲಾದೀತೇ ನೋಡುತ್ತೇನೆ. ಮೇಲಿನವರು ಹೇಳುವ ಸಾಲಿಗೆ ಯಾರಿಗಾದರೂ ಏನಾದರೂ ಹೊಳೆದರೆ ಇಲ್ಲೇ ಹಾಕಿ. ‘ಒಳ್ಳೆಯ ಕೆಲಸ ಮಾಡಿದಿರಿ’ ಮಾತ್ರ ಬೇಡ.